ಎರಡು ಎಕರೆಗೆ ಎಷ್ಟು ತೆಂಗಿನ ಸಸಿ? ನನ್ನ ಸ್ಪ್ರೆಡ್‌ಶೀಟ್ ತಪ್ಪಿದ ಕಥೆ

ಜೂನ್ ತಿಂಗಳ ಒಂದು ಶನಿವಾರ ರಾತ್ರಿ ಏಳೂವರೆಗೆ ಫ್ರೀಮಾಂಟ್‌ನ ನಮ್ಮ ಮನೆಯಲ್ಲಿ ಊಟಕ್ಕೆ ಕೂರುವ ಹೊತ್ತು. ತಿಪಟೂರಿನ ಕಡೆ ಆಗ ಭಾನುವಾರ ಬೆಳಗ್ಗೆ ಎಂಟು ಗಂಟೆ. ತಮ್ಮ ವಿಡಿಯೋ ಕಾಲ್ ಮಾಡಿದ. ಹಿಂದೆ ಉತ್ತ ಕೆಂಪು ಮಣ್ಣು, ಅಲ್ಲಲ್ಲಿ ನೆಟ್ಟ ಗೂಟಗಳು, ಬದುವಿನ ಮೇಲೆ ಸಾಲಾಗಿ ಇಟ್ಟ ತೆಂಗಿನ ಸಸಿಗಳು.

"ಅಣ್ಣಾ, ನೀನು ನೂರಾ ನಲವತ್ತು ಅಂದಿದ್ದೆ. ಗೂಟ ಹೊಡೆದು ನೋಡಿದ್ರೆ ನೂರಾ ಮೂವತ್ತಕ್ಕೇ ನಿಲ್ತಿದೆ. ಉಳಿದ ಹತ್ತು ಸಸಿ ಎಲ್ಲಿಗೆ ಹಾಕ್ಲಿ?"

ಹಗ್ಗ ಸರಿಯಾಗಿ ಹಿಡಿದಿಲ್ಲ, ಇನ್ನೊಮ್ಮೆ ಅಳೆಯಪ್ಪ ಎಂದೆ. ಹದಿನೆಂಟು ವರ್ಷದಿಂದ ಕಂಪನಿಗಳ ಲೆಕ್ಕ ನೋಡುವವನು ನಾನು, ಎರಡು ಎಕರೆಯ ಭಾಗಾಕಾರದಲ್ಲಿ ತಪ್ಪುತ್ತೇನೆಯೇ ಎಂಬ ಧಿಮಾಕು. ಅವನು ಇನ್ನೊಮ್ಮೆ ಅಳೆದ. ನೂರಾ ಮೂವತ್ತೇ.

ಊರಿನ ಜಮೀನಿಗೆ ಇಲ್ಲಿಂದ ದುಡ್ಡು ಕಳಿಸುವವರು ನಮ್ಮಲ್ಲಿ ಬಹಳ ಜನ ಇದ್ದೀರಿ. ನಿಮ್ಮ ಶೀಟಿನಲ್ಲೂ "ಎಕರೆಗೆ 70 ಗಿಡ" ಎಂಬ ಒಂದು ಸಾಲು ಇರಬಹುದು. ಅದು ಎಲ್ಲಿಂದ ಬರುತ್ತದೆ, ಎಲ್ಲಿ ಕೈಕೊಡುತ್ತದೆ ಎಂದು ನಮ್ಮ ಹೊಲದ ಅಳತೆ ಇಟ್ಟುಕೊಂಡೇ ಹೇಳುತ್ತೇನೆ.

ನಾನು ಮಾಡಿದ್ದ ಲೆಕ್ಕ

ಪಹಣಿಯಲ್ಲಿ ಇರುವುದು ಎರಡು ಎಕರೆ. ಎಕರೆಗೆ 40 ಗುಂಟೆ, ಗುಂಟೆಯೆಂದರೆ 33 ಅಡಿಗೆ 33 ಅಡಿ. ಎರಡು ಎಕರೆಗೆ 87,120 ಚದರ ಅಡಿ. ಗಿಡದಿಂದ ಗಿಡಕ್ಕೆ 25 ಅಡಿ ಅಂತರ ಎಂದು ಅಪ್ಪ ಹೇಳಿದ್ದರು, ಅಂದರೆ ಒಂದು ಗಿಡಕ್ಕೆ 625 ಚದರ ಅಡಿ. ಭಾಗಿಸಿದರೆ 139.39. ನಾನು ಅದನ್ನು 140 ಎಂದು ದುಂಡಗೆ ಮಾಡಿ, ಅಷ್ಟು ಸಸಿಗೆ ಮುಂಗಡ ಕೊಡಲು ಹೇಳಿದ್ದೆ.

ಈ ಲೆಕ್ಕ ನೋಡುವುದು ವಿಸ್ತೀರ್ಣವನ್ನು ಮಾತ್ರ, ಆಕಾರವನ್ನಲ್ಲ. ನಮ್ಮ ಹೊಲ ಉತ್ತರ ದಕ್ಷಿಣವಾಗಿ 330 ಅಡಿ, ಪೂರ್ವ ಪಶ್ಚಿಮವಾಗಿ 264 ಅಡಿ. ಊರಿನ ಮಾತಿನಲ್ಲಿ ಹತ್ತು ಗುಂಟೆ ಉದ್ದ, ಎಂಟು ಗುಂಟೆ ಅಗಲ. 330ನ್ನು 25ರಿಂದ ಭಾಗಿಸಿದರೆ 13.2, 264ನ್ನು ಭಾಗಿಸಿದರೆ 10.56. ಎರಡನ್ನೂ ಗುಣಿಸಿ, ಅದೇ 139.39. ಅಂದರೆ ನನ್ನ ಶೀಟು ಉದ್ದಕ್ಕೆ ಹದಿಮೂರು ಗಿಡ ಮತ್ತು ಗಿಡದ ಐದನೇ ಒಂದು ಪಾಲು, ಅಡ್ಡಕ್ಕೆ ಹತ್ತು ಗಿಡ ಮತ್ತು ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಗಿಡ ನೆಡಲು ಹೊರಟಿತ್ತು. ತೆಂಗಿನ ಗಿಡವನ್ನು ಪಾಲು ಮಾಡಿ ನೆಡುವ ವಿದ್ಯೆ ನನ್ನ ತಮ್ಮನಿಗೆ ಗೊತ್ತಿಲ್ಲ. ಗುಣಿಸುವ ಮೊದಲೇ ದಶಾಂಶ ಬಿಡಬೇಕು. ಆಗ 13 × 10, ತಮ್ಮ ಹೊಡೆದ 130 ಗೂಟ.

ಹತ್ತು ಗಿಡ ಏನು ಮಹಾ ಅನ್ನಿಸಬಹುದು. ನನ್ನ ಶೀಟಿನ ಊಹೆಗಳನ್ನೇ ಇಟ್ಟುಕೊಳ್ಳೋಣ. ಫಸಲಿಗೆ ಬಂದ ಮರಕ್ಕೆ ವರ್ಷಕ್ಕೆ 80 ಕಾಯಿ, ಕಾಯಿಗೆ 20 ರೂಪಾಯಿ. 140 ಮರಕ್ಕೆ 2,24,000, 130 ಮರಕ್ಕೆ 2,08,000 ರೂಪಾಯಿ. ಆದಾಯ ಕಡಿಮೆಯಾದದ್ದು ಶೇಕಡಾ 7ರಷ್ಟು. ಆದರೆ ಬೇಲಿ, ಬೋರ್‌ವೆಲ್, ಆಳಿನ ಖರ್ಚು ಹತ್ತು ಮರ ಕಡಿಮೆಯಾಯಿತೆಂದು ಇಳಿಯುವುದಿಲ್ಲ. ಖರ್ಚು ವರ್ಷಕ್ಕೆ 1,40,000 ಎಂದು ಹಿಡಿದಿದ್ದೆ. ಉಳಿಯುವುದು 84,000 ಅಲ್ಲ, 68,000. ಲಾಭದಲ್ಲಿ ಶೇಕಡಾ 19 ಕಡಿಮೆ. ಕಂಪನಿಗಳ ವಿಷಯದಲ್ಲಿ ಇದನ್ನೇ ಆಪರೇಟಿಂಗ್ ಲೆವರೇಜ್ ಎಂದು ಬರೆದು ಸಂಬಳ ತೆಗೆದುಕೊಳ್ಳುವವನು ನಾನು.

ಸರಿಯಾದ ಸೂತ್ರ, ಮತ್ತು ಆ "+1"

ಬದುವಿನಿಂದ ಒಂದಷ್ಟು ಜಾಗ ಬಿಟ್ಟು ಮೊದಲ ಗಿಡ ನೆಡುತ್ತೇವೆ. ಎದುರು ಬದುವಿನ ಕಡೆಯೂ ಅಷ್ಟೇ ಬಿಡುತ್ತೇವೆ. ಈ ಬಿಡುವ ಜಾಗವನ್ನು ಅಂಚು ಎನ್ನೋಣ. ಒಟ್ಟು ಅಳತೆಯಿಂದ ಎರಡೂ ಅಂಚು ಕಳೆದು ಉಳಿದದ್ದರಲ್ಲಿ ಎಷ್ಟು ಪೂರ್ತಿ ಅಂತರಗಳು ಹಿಡಿಸುತ್ತವೆ ನೋಡಿ, ಅದಕ್ಕೆ ಒಂದು ಸೇರಿಸಬೇಕು. ಒಂದು ಏಕೆಂದರೆ ಹನ್ನೆರಡು ಅಂತರಗಳ ಎರಡು ತುದಿಗೂ ಗಿಡ ಇರುತ್ತದೆ, ಗಿಡ ಹದಿಮೂರು. ಬೇಲಿ ಕಂಬ ಎಣಿಸಿದವರಿಗೆ ಇದು ಗೊತ್ತು. ಶೀಟಿನಲ್ಲಿ B1 ಉದ್ದ, B2 ಅಗಲ, B3 ಅಂತರ, B4 ಅಂಚು ಎಂದಿಟ್ಟರೆ:

```
=(INT((B1-2*B4)/B3)+1)*(INT((B2-2*B4)/B3)+1)
```

ನಮ್ಮ ಹೊಲಕ್ಕೆ ಅಂಚು ಹನ್ನೆರಡೂವರೆ ಅಡಿ ಹಾಕಿ ನೋಡಿ. 305 ಅಡಿಯಲ್ಲಿ 12 ಅಂತರ, 13 ಗಿಡ. 239 ಅಡಿಯಲ್ಲಿ 9 ಅಂತರ, 10 ಗಿಡ. 130.

ಹನ್ನೆರಡೂವರೆ ಅಂದರೆ ಅಂತರದ ಅರ್ಧ. ಪ್ರತಿ ಗಿಡಕ್ಕೂ ತನ್ನ ಸುತ್ತ 25 ಅಡಿಯ ಒಂದು ಚೌಕ ಸಿಗಬೇಕಾದರೆ ಅಂಚಿನ ಗಿಡ ಬದುವಿನಿಂದ ಅರ್ಧ ಅಂತರ ಒಳಗಿರಬೇಕು. ಪಕ್ಕದ ತೋಟದವರೂ ಅರ್ಧ ಬಿಟ್ಟಿದ್ದರೆ ಬದುವಿನ ಆಚೆ ಈಚೆಯ ಮರಗಳ ನಡುವೆ ಪೂರ್ತಿ 25 ಅಡಿ ಆಗುತ್ತದೆ. ವಿಸ್ತೀರ್ಣ ಭಾಗಿಸುವ ಲೆಕ್ಕ ಸರಿಬರುವುದು ಇಲ್ಲಿ ಮಾತ್ರ: ಅಂಚು ಅರ್ಧ ಅಂತರವಿದ್ದು, ಉದ್ದ ಅಗಲ ಎರಡೂ ಅಂತರದಿಂದ ಶೇಷವಿಲ್ಲದೆ ಭಾಗವಾಗಬೇಕು. ಗುಂಟೆ 33 ಅಡಿ, ಅಂತರ 25 ಅಡಿ. ಈ ಎರಡೂ ಸುಲಭದಲ್ಲಿ ಹೊಂದಿಕೊಳ್ಳುವ ಸಂಖ್ಯೆಗಳಲ್ಲ.

ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಚೌಕ ಪದ್ಧತಿಗೆ ಹೇಳುವ ಅಂತರ ಏಳೂವರೆ ಮೀಟರ್, ಹೆಕ್ಟೇರಿಗೆ 177 ಗಿಡ. ಆ 177 ಕೂಡ ಭಾಗಾಕಾರವೇ, 10,000ವನ್ನು 56.25ರಿಂದ ಭಾಗಿಸಿದ್ದು. ನೂರು ಮೀಟರ್ ಚೌಕದ ಒಂದು ಹೆಕ್ಟೇರ್ ಹೊಲದಲ್ಲಿ ಅರ್ಧ ಅಂತರದ ಅಂಚು ಬಿಟ್ಟು ನೆಟ್ಟು ನೋಡಿ, 13ಕ್ಕೆ 13, ಒಟ್ಟು 169. ಅಂಚನ್ನು ಒಂದು ಮೀಟರಿಗೆ ಇಳಿಸಿದರೆ 14ಕ್ಕೆ 14, 196. 177 ಬರುವುದೇ ಇಲ್ಲ. ಇದು ಸಂಸ್ಥೆಯ ತಪ್ಪಲ್ಲ. ಸಾಂದ್ರತೆ ಹೇಳಲು ಬಳಸುವ ಸಂಖ್ಯೆಯನ್ನು ನಾವು ಸಸಿಯ ಆರ್ಡರ್ ಆಗಿ ಬಳಸಿದರೆ ಹೀಗಾಗುತ್ತದೆ.

ಆಕಾರ ಎಷ್ಟು ಕಾಡುತ್ತದೆ ಎನ್ನುವುದಕ್ಕೆ ಇನ್ನೊಂದು ಉದಾಹರಣೆ. ಅದೇ ಎರಡು ಎಕರೆ ಅಣ್ಣ ತಮ್ಮಂದಿರ ಪಾಲಿನಲ್ಲಿ ಉದ್ದ ಪಟ್ಟಿಯಾಗಿ ಬಂದಿದೆ ಎನ್ನಿ, ಅಗಲ ಎರಡೇ ಗುಂಟೆ, ಉದ್ದ ನಲವತ್ತು ಗುಂಟೆ. 66 ಅಡಿ ಅಗಲಕ್ಕೆ ಎರಡೇ ಸಾಲು, 1,320 ಅಡಿ ಉದ್ದಕ್ಕೆ 52 ಗಿಡ. ಒಟ್ಟು 104. ಪಹಣಿಯಲ್ಲಿ ಎರಡಕ್ಕೂ ಒಂದೇ ಸಂಖ್ಯೆ ಇರುತ್ತದೆ. ಪಹಣಿ ನೋಡಿ ಸಸಿ ಲೆಕ್ಕ ಹಾಕುವ ಬದಲು ಸರ್ವೆ ನಕ್ಷೆ ಕೇಳಿ. ಪಹಣಿಯ ವಿಸ್ತೀರ್ಣದಲ್ಲಿ ಖರಾಬು ಸೇರಿದೆಯೇ ಎಂದೂ ನೋಡಿ.

ಅಪ್ಪನ ಮೂವತ್ತು ಅಡಿ

130 ಎಂದು ಒಪ್ಪಿಕೊಂಡ ಮೇಲೆ ಹೊಸ ತಕರಾರು ಶುರುವಾಯಿತು. ನಮ್ಮ ಪಶ್ಚಿಮದ ಬದುವಿನ ಆಚೆ ಬೇರೆಯವರ ರಾಗಿ ಹೊಲ. ಪೂರ್ವಕ್ಕೆ ದೊಡ್ಡಪ್ಪನ ಮಕ್ಕಳ ತೆಂಗಿನ ತೋಟ. ಅಪ್ಪ ಫೋನಿಗೆ ಬಂದು, ಪಶ್ಚಿಮದ ಕಡೆ ಮೂವತ್ತು ಅಡಿ ಬಿಡಬೇಕು ಎಂದರು.

"ಮೂವತ್ತು ಯಾಕಪ್ಪಾ? ಹನ್ನೆರಡು ಸಾಕಲ್ಲ?"

"ನಿಂಗೆ ಅಲ್ಲಿ ಕೂತ್ಕಂಡು ಸಾಕು. ಬೆಳಗಿನ ನೆರಳು ಅವರ ರಾಗಿ ಮೇಲೆ ಬೀಳ್ತದೆ. ಕಾಯಿ ಆ ಕಡೆ ಉರುಳಿದ್ರೆ ಯಾರದು ಅಂತ ಜಗಳ. ಇನ್ನು ಐವತ್ತು ವರ್ಷ ಅವರ ಮುಖ ನೋಡ್ಬೇಕಾದೋನು ನಿನ್ ತಮ್ಮ."

ಬೆಳೆದ ತೆಂಗಿನ ಗರಿ 16ರಿಂದ 20 ಅಡಿ ಉದ್ದ. ಬಾಗುವುದರಿಂದ ಅಷ್ಟೂ ಅಡ್ಡಕ್ಕೆ ಚಾಚುವುದಿಲ್ಲ, ಆದರೂ ಹನ್ನೆರಡು ಅಡಿ ಒಳಗಿರುವ ಮರ ಬದು ದಾಟದೆ ಇರುವುದಿಲ್ಲ. ಪಕ್ಕದವರದೂ ತೆಂಗಾದರೆ ಇಬ್ಬರದೂ ದಾಟುತ್ತದೆ, ಯಾರೂ ಮಾತಾಡುವುದಿಲ್ಲ. ರಾಗಿಯಾದರೆ ಮಾತು ಬರುತ್ತದೆ. ಹಾಗಾಗಿ ಅಂಚು ನಾಲ್ಕೂ ಕಡೆ ಒಂದೇ ಇರಬೇಕೆಂಬ ನನ್ನ ಸೂತ್ರವೇ ಊರಿಗೆ ಹೊಂದುವುದಿಲ್ಲ. 2*B4 ತೆಗೆದು ಎರಡು ಬದಿಗೆ ಎರಡು ಬೇರೆ ಕೋಶ ಇಟ್ಟೆ.

ಆಗ ಗೊತ್ತಾದದ್ದು ಇದು. ಅಡ್ಡಕ್ಕೆ ಹತ್ತು ಸಾಲಿಗೆ ಒಂಬತ್ತು ಅಂತರ, 225 ಅಡಿ ಬೇಕು. 264ರಲ್ಲಿ ಅದನ್ನು ಕಳೆದರೆ 39 ಅಡಿ ಉಳಿಯುತ್ತದೆ. ಈ 39 ಅಡಿಯನ್ನು ಎರಡು ಬದಿಗೆ ಹೇಗೆ ಹಂಚಿದರೂ ಗಿಡದ ಸಂಖ್ಯೆ ಬದಲಾಗುವುದಿಲ್ಲ. ಪೂರ್ವಕ್ಕೆ 12 ಬಿಟ್ಟು ಪಶ್ಚಿಮಕ್ಕೆ 27 ಬಿಟ್ಟರೂ 130. ಅಪ್ಪ ಕೇಳಿದ ಜಾಗದ ಬಹುಪಾಲು ಪುಕ್ಕಟೆಯಾಗಿತ್ತು. ಆದರೆ 27ರಿಂದ 30ಕ್ಕೆ ಹೋದ ಕೂಡಲೇ ಉಳಿಯುವುದು 222 ಅಡಿ, ಹತ್ತನೇ ಸಾಲಿಗೆ ಮೂರು ಅಡಿ ಕಡಿಮೆ. ಇಡೀ ಸಾಲು, ಹದಿಮೂರು ಗಿಡ ಹೋಗುತ್ತದೆ.

ಅಂಚಿಗೂ ಗಿಡಕ್ಕೂ ಇರುವ ಸಂಬಂಧ ಇಳಿಜಾರಲ್ಲ, ಮೆಟ್ಟಿಲು. ನಾಲ್ಕೂ ಕಡೆ ಒಂದೇ ಅಂಚು ಬಿಡುವುದಾದರೆ ನಮ್ಮ ಹೊಲದಲ್ಲಿ 7 ಅಡಿಗೆ 143 ಗಿಡ. ಏಳಕ್ಕಿಂತ ಒಂದಿಂಚು ಹೆಚ್ಚಾದರೆ 130. ಅಲ್ಲಿಂದ 15 ಅಡಿಯವರೆಗೂ 130ಕ್ಕೇ ನಿಲ್ಲುತ್ತದೆ. ಎಂಟು ಅಡಿ ಬಿಟ್ಟು ಜಿಪುಣತನ ಮಾಡಿದರೆ ಏನೂ ಸಿಗುವುದಿಲ್ಲ, ಹದಿನೈದು ಬಿಟ್ಟರೆ ಏನೂ ಹೋಗುವುದಿಲ್ಲ. ನಿಮ್ಮ ಹೊಲದ ಮೆಟ್ಟಿಲುಗಳು ಎಲ್ಲಿವೆ ಎಂದು ತಿಳಿಯಲು ಶೀಟಿನಲ್ಲಿ ಅಂಚನ್ನು ಅರ್ಧ ಅರ್ಧ ಅಡಿ ಹೆಚ್ಚಿಸುತ್ತಾ ಕೆಳಗೆ ಎಳೆಯಿರಿ, ಸಾಕು.

ಲೆಕ್ಕವನ್ನು ತಿರುಗಿಸಿದರೆ

ಮೂರು ಅಡಿಗೆ ಹದಿಮೂರು ಮರ ಎಂದು ಅಪ್ಪನಿಗೆ ಹೇಳಿದೆ. "ಹೋಗ್ಲಿ ಬಿಡು" ಎಂದರು. ತಮ್ಮ ಬಿಡಲಿಲ್ಲ. ವರ್ಷಕ್ಕೆ ಸಾವಿರದ ನಲವತ್ತು ಕಾಯಿ ಅವನ ಲೆಕ್ಕ. ನಡುವೆ ನಾನು, ಹನ್ನೆರಡೂವರೆ ಗಂಟೆಯ ಅಂತರದಲ್ಲಿ.

ಮಾರನೆಯ ವಾರ ಸೂತ್ರವನ್ನು ಹಿಂದುಮುಂದು ಮಾಡಿದೆ. ಅಂತರ ಕೊಟ್ಟು ಸಾಲು ಕೇಳುವ ಬದಲು ಸಾಲು ಕೊಟ್ಟು ಅಂತರ ಕೇಳಿದೆ. ಅಂಚು ಕಳೆದು ಉಳಿದ ಅಗಲವನ್ನು, ಬೇಕಾದ ಸಾಲಿಗಿಂತ ಒಂದು ಕಡಿಮೆಯಿಂದ ಭಾಗಿಸುವುದು.

ಮೊದಲು ಆಸೆಯಿಂದ ಹನ್ನೊಂದು ಸಾಲು ಹಾಕಿದೆ, ಎಲ್ಲ ಕಡೆ ಅಂಚು 12 ಅಡಿ. ಅಡ್ಡಕ್ಕೆ 240 ಅಡಿಯಲ್ಲಿ ಹತ್ತು ಅಂತರ, ಸರಿಯಾಗಿ 24 ಅಡಿ. ಉದ್ದಕ್ಕೆ 306 ಅಡಿಯಲ್ಲಿ ಹನ್ನೆರಡು ಅಂತರ, 25 ಅಡಿ 6 ಇಂಚು. ಒಟ್ಟು 143 ಗಿಡ, ಒಂದೊಂದಕ್ಕೆ 612 ಚದರ ಅಡಿ. 625ಕ್ಕೂ ಇದಕ್ಕೂ ದೊಡ್ಡ ವ್ಯತ್ಯಾಸವಿಲ್ಲ. ಆಮೇಲೆ ತ್ರಿಕೋನ ಪದ್ಧತಿ ನೋಡಿದೆ. ಇದರಲ್ಲಿ ಒಂದು ಸಾಲಿನ ಗಿಡ ಪಕ್ಕದ ಸಾಲಿನ ಎರಡು ಗಿಡದ ನಡುವೆ ಬರುತ್ತದೆ, ಗಿಡದಿಂದ ಗಿಡಕ್ಕೆ 25 ಅಡಿಯೇ ಇದ್ದರೂ ಸಾಲಿನಿಂದ ಸಾಲಿಗೆ 21 ಅಡಿ 8 ಇಂಚು ಸಾಕು. ಅಂಚು ಹನ್ನೆರಡೂವರೆ ಅಡಿಗೆ ಹನ್ನೆರಡು ಸಾಲು, 13 ಮತ್ತು 12 ಗಿಡ ಸರದಿಯಲ್ಲಿ, ಒಟ್ಟು 150. ಇಪ್ಪತ್ತು ಗಿಡ ಹೆಚ್ಚು ಎಂದು ಖುಷಿಯಾಯಿತು. ಆದರೆ ಗಿಡದ ಪಾಲಿಗೆ ಬರುವ ನೆಲ 541 ಚದರ ಅಡಿಗೆ ಇಳಿದಿತ್ತು. ಅಂತರ ಅಷ್ಟೇ ಇದೆ, ಗಿಡ ಮಾತ್ರ ಹೆಚ್ಚು ಎಂಬುದು ಪೂರ್ತಿ ನಿಜವಲ್ಲ. ಪ್ರತಿ ಮರದ ಬೆಳಕು ಮತ್ತು ಬೇರಿನ ಜಾಗದಿಂದ ಶೇಕಡಾ 13 ತೆಗೆದು ಹೊಸ ಮರಕ್ಕೆ ಕೊಟ್ಟಂತೆ. ಹೊಸ ಶೇರು ಹೊರಡಿಸಿ ಹಳೆಯವರ ಪಾಲು ತೆಳುವಾಗಿಸುವುದು ನಿಮಗೆ ಗೊತ್ತಿರುವ ವ್ಯವಹಾರವೇ.

ಎರಡನ್ನೂ ತಮ್ಮನ ಮುಂದಿಟ್ಟೆ. ಅವನು ಒಂದೇ ಪ್ರಶ್ನೆ ಕೇಳಿದ: "ನೀರು ಎಲ್ಲಿಂದ ತರ್ಲಿ ಅಣ್ಣಾ?" ಬೋರ್‌ವೆಲ್ ಕೊಡುವ ನೀರು ಗಿಡ ಹೆಚ್ಚಿದರೆ ಹೆಚ್ಚುವುದಿಲ್ಲ. ಬೇಸಿಗೆಯಲ್ಲಿ ಅದು 130ಕ್ಕೆ ಸಾಲುವುದೇ ಅವನಿಗೆ ಅನುಮಾನ. ನಡುವೆ ಬಾಳೆ ಹಾಕುವ ಯೋಚನೆಯೂ ಇತ್ತು, ಅದಕ್ಕೆ ಬೆಳಕು ಬೇಕು. ನನ್ನ ಶೀಟಿನಲ್ಲಿ ನೀರಿಗೆ ಕೋಶವೇ ಇರಲಿಲ್ಲ. 143, 150 ಎರಡನ್ನೂ ಅಳಿಸಿದೆ.

ಆದರೆ ತಿರುಗಿಸಿದ ಸೂತ್ರ ಇನ್ನೊಂದು ಕೆಲಸಕ್ಕೆ ಬಂತು. ಅಪ್ಪನ 30 ಅಡಿ, ದೊಡ್ಡಪ್ಪನ ಮಕ್ಕಳ ಕಡೆ 12 ಅಡಿ. ಉಳಿದದ್ದು 222 ಅಡಿ. ಹತ್ತು ಸಾಲು ಬೇಕೇ ಬೇಕು ಎಂದರೆ ಒಂಬತ್ತು ಅಂತರ: 24 ಅಡಿ 8 ಇಂಚು. ಸಂಸ್ಥೆ ಹೇಳುವ ಏಳೂವರೆ ಮೀಟರನ್ನು ಅಡಿಗೆ ತಿರುಗಿಸಿದರೆ 24 ಅಡಿ 7 ಇಂಚಿನ ಹತ್ತಿರ. ನಾವು ಮೂರು ಜನ ಎರಡು ವಾರ ಕಚ್ಚಾಡಿದ ಮೂರು ಅಡಿ, ಯಾರೋ ಎಂದೋ ಏಳೂವರೆ ಮೀಟರನ್ನು 25 ಅಡಿ ಎಂದು ದುಂಡಗೆ ಮಾಡಿದ್ದರಲ್ಲಿ ಅಡಗಿತ್ತು. ಸಾಲಿನಿಂದ ಸಾಲಿಗೆ ನಾಲ್ಕು ಇಂಚು ಕಡಿಮೆ ಮಾಡಿದರೆ ಅಪ್ಪನಿಗೆ ಅವರ ಮೂವತ್ತು ಅಡಿ, ತಮ್ಮನಿಗೆ ಅವನ 130 ಮರ. ಉತ್ತರ ದಕ್ಷಿಣವಾಗಿ 25 ಅಡಿಯೇ ಇರಲಿ, ಎರಡು ತುದಿಗೂ 15 ಅಡಿ ಅಂಚು. ಪಶ್ಚಿಮದ ಆ ಮೂವತ್ತು ಅಡಿ ಪಟ್ಟಿಯಲ್ಲಿ ಟ್ರ್ಯಾಕ್ಟರ್ ಓಡಾಡಬಹುದು ಎಂದು ತಮ್ಮ ತಾನೇ ಸೇರಿಸಿದ.

ನೆಲದ ಮೇಲೆ

ಶೀಟಿನಲ್ಲಿ ಹೊಲ ಆಯತ. ನೆಲದಲ್ಲಿ ಹಾಗಿರುವುದು ಅಪರೂಪ. ಬದು ತಲೆಮಾರುಗಳಿಂದ ಅತ್ತಿತ್ತ ಸರಿದಿರುತ್ತದೆ. ದಕ್ಷಿಣದ ತುದಿಯಲ್ಲಿ 264 ಅಡಿ ಇರುವ ಅಗಲ ಉತ್ತರದಲ್ಲಿ 258 ಆಗಿದ್ದರೆ, ಅಲ್ಲಿ ಬಿಟ್ಟ ಅಂಚಿನಿಂದ ಆರು ಅಡಿ ತಾನಾಗಿ ಹೋಗುತ್ತದೆ. ಅದಕ್ಕೇ ಅಗಲವನ್ನು ಎರಡು ತುದಿ ಮತ್ತು ನಡುವೆ, ಮೂರು ಕಡೆ ಅಳೆದು ಕಡಿಮೆ ಬಂದದ್ದನ್ನು ಶೀಟಿಗೆ ಹಾಕಬೇಕು. ನಮ್ಮದು ಅದೃಷ್ಟಕ್ಕೆ ಅರ್ಧ ಅಡಿಯೊಳಗೆ ಸರಿಯಿತ್ತು.

ತಮ್ಮ ಮೊದಲ ಸಲ ಗೂಟ ಹೊಡೆದದ್ದು 25 ಅಡಿಯ ಹಗ್ಗ ಹಿಡಿದು, ಗೂಟದಿಂದ ಗೂಟಕ್ಕೆ. ಒಂದೊಂದು ಸಲ ಒಂದು ಇಂಚು ಹೆಚ್ಚು ಕಡಿಮೆಯಾದರೂ ಹನ್ನೆರಡನೇ ಗೂಟಕ್ಕೆ ಒಂದು ಅಡಿ ಆಗುತ್ತದೆ, ಪಕ್ಕದ ಸಾಲಿನಲ್ಲಿ ಅದು ಬೇರೆ ದಿಕ್ಕಿಗೆ ಆಗಿರುತ್ತದೆ. ನೈಲಾನ್ ಹಗ್ಗ ಎಳೆದಷ್ಟೂ ಹಿಗ್ಗುತ್ತದೆ. ಎರಡನೇ ಸಲ ನೂರಡಿ ಟೇಪು ತರಿಸಿದ. ಒಂದು ಮೂಲೆಯಿಂದಲೇ ಎಣಿಸಿ 25, 50, 75 ಎಂದು ಗುರುತು ಹಾಕುತ್ತಾ ಹೋದ. ಅಡ್ಡಕ್ಕೆ 24 ಅಡಿ 8 ಇಂಚು, 49 ಅಡಿ 4 ಇಂಚು, 74 ಅಡಿ ಎಂದು ನಾನು ಪಟ್ಟಿ ಬರೆದು ವಾಟ್ಸಾಪ್ ಮಾಡಿದ್ದೆ. ನೆಲದಲ್ಲಿ ನಿಂತು ಇಂಚು ಕೂಡಿಸುವ ಕೆಲಸ ಯಾರಿಗೂ ಕೊಡಬೇಡಿ.

ಮೂಲೆಗೆ 30, 40, 50 ಅಡಿಯ ತ್ರಿಕೋನ ಹಿಡಿದು ಲಂಬ ನೋಡಿಕೊಂಡ. ಎಲ್ಲಕ್ಕಿಂತ ಒಳ್ಳೆಯ ಪರೀಕ್ಷೆ ಕರ್ಣ. ನಾಲ್ಕು ಮೂಲೆಯ ಗೂಟಗಳ ನಡುವಿನ ಆಯತ 300 ಅಡಿಗೆ 222 ಅಡಿ, ಎದುರು ಮೂಲೆಗೆ 373 ಅಡಿ 2 ಇಂಚು ಬರಬೇಕು, ಎರಡೂ ಕಡೆ. ಒಂದು ಹೆಚ್ಚು ಇನ್ನೊಂದು ಕಡಿಮೆ ಬಂದರೆ ಆಯತ ಓರೆಯಾಗಿದೆ ಎಂದರ್ಥ. ಸಾಲುಗಳ ಅಂತರ ಸರಿಯಿದ್ದಂತೆ ಕಂಡರೂ ಕೊನೆಯ ಗಿಡ ರಾಗಿ ಹೊಲದ ಕಡೆಗೆ ಜಾರಿರುತ್ತದೆ.

ಇಲ್ಲಿ ಐ-5ರಲ್ಲಿ ಲಾಸ್ ಏಂಜಲೀಸ್ ಕಡೆ ಹೋಗುವಾಗ ಬಾದಾಮಿ ತೋಟಗಳು ಬರುತ್ತವಲ್ಲ, ಕಾರು ಓಡುತ್ತಿದ್ದಂತೆ ಸಾಲುಗಳು ನೇರಕ್ಕೊಮ್ಮೆ, ಓರೆಗೊಮ್ಮೆ ತೆರೆದುಕೊಳ್ಳುತ್ತವೆ. ಮೊದಲೆಲ್ಲ ಚೆಂದ ಎಂದು ಮಕ್ಕಳಿಗೆ ತೋರಿಸುತ್ತಿದ್ದೆ. ಈಗ ಎಣಿಸುತ್ತೇನೆ, ರಸ್ತೆಯ ಬದಿಗೆ ಎಷ್ಟು ಬಿಟ್ಟಿದ್ದಾರೆ ನೋಡುತ್ತೇನೆ. ಹೆಂಡತಿಗೆ ಬೇಜಾರು.

ಮೂರನೆಯ ಶನಿವಾರ ರಾತ್ರಿ ತಮ್ಮ ಮತ್ತೆ ಕಾಲ್ ಮಾಡಿದ. ಒಂದು ಕರ್ಣ 373 ಅಡಿ, ಇನ್ನೊಂದು 373 ಅಡಿ 5 ಇಂಚು. ಎರಡು ಗೂಟ ಸರಿಸಬೇಕೇ ಎಂದು ಕೇಳಿದ, ಬೇಡ ಎಂದೆ. ಮೂರು ಅಡಿಯ ಗುಂಡಿ ತೋಡುವವನು ಗೂಟವನ್ನೇ ಕಿತ್ತು ತೋಡುತ್ತಾನೆ, ಗಿಡ ನಡುವಿನಿಂದ ಒಂದೆರಡು ಇಂಚು ಸರಿಯದೆ ಇರುವುದಿಲ್ಲ. ಹೆಚ್ಚಾದ ಹತ್ತು ಸಸಿಯಲ್ಲಿ ಎಂಟನ್ನು ಸತ್ತ ಗಿಡದ ಜಾಗಕ್ಕೆಂದು ಬೋರ್‌ವೆಲ್ ಪಕ್ಕ ನೆರಳಿನಲ್ಲಿ ಇಟ್ಟಿದ್ದಾನೆ. ಇನ್ನೆರಡು ಮನೆಯ ಹಿತ್ತಿಲಿಗೆ ಹೋದವು. ಅಪ್ಪ ಪಶ್ಚಿಮದ ಬದುವಿನ ಮೇಲೆ ನಿಂತು, ಟೇಪಿನ ತುದಿ ಮೊದಲ ಗೂಟಕ್ಕೆ ಹಿಡಿಸಿ, ಮೂವತ್ತು ಇದೆಯಾ ಎಂದು ತಾವೇ ಓದಿ ನೋಡಿದರಂತೆ.